ನಾನೂರ ನಲವತ್ತು ಪದ ಹೋಗಬೇಕು, ವಾದ ಉಳಿಯಬೇಕು

ಪ್ರಶ್ನೆ: "ಹದಿಹರೆಯದವರ ಶಾಲೆ ಬೆಳಿಗ್ಗೆ ತಡವಾಗಿ ಶುರುವಾಗಬೇಕು" ಎಂದು ವಾದಿಸುವ ಪ್ರಬಂಧ ಬರೆದಿದ್ದೇನೆ. ಮಿತಿ 1,200 ಪದ, ನನ್ನದು 1,640 ಆಗಿದೆ. ಎರಡು ಸಂಜೆ ಕೂತು ಅಲ್ಲೊಂದು ಇಲ್ಲೊಂದು ಪದ ಕಿತ್ತರೂ 80 ಪದವಷ್ಟೇ ಇಳಿಯಿತು. ಒಂದು ಪ್ಯಾರಾವನ್ನೇ ತೆಗೆದು ನೋಡಿದೆ, ವಾದ ಕುಂಟಿದಂತಾಯಿತು, ಹಾಗಾಗಿ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿಟ್ಟೆ. ಪ್ರತಿಯನ್ನೂ ಕಳುಹಿಸಿದ್ದೇನೆ. ಎಲ್ಲಿಂದ ಕತ್ತರಿಸಲಿ?

ಉತ್ತರ: ಲೆಕ್ಕದಿಂದಲೇ ಶುರು ಮಾಡೋಣ. 1,640ರಲ್ಲಿ 440 ಎಂದರೆ ಕಾಲು ಭಾಗಕ್ಕಿಂತ ಹೆಚ್ಚು. ಇಷ್ಟನ್ನು ಬಿಡಿ ಪದಗಳನ್ನು ಕಿತ್ತು ಇಳಿಸಲು ಆಗುವುದಿಲ್ಲ, ಕನ್ನಡದಲ್ಲಂತೂ ಇನ್ನೂ ಕಷ್ಟ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಂಡಿರುತ್ತವೆ. "ಗಮನವನ್ನು" ಎಂಬುದನ್ನು "ಗಮನ" ಎಂದು ಬರೆದರೆ ಓದಲು ಹಗುರವಾಗುತ್ತದೆ ನಿಜ, ಆದರೆ ಎಣಿಕೆಯಲ್ಲಿ ಎರಡೂ ಒಂದೇ ಪದ. ಎರಡು ಸಂಜೆಗೆ 80 ಮಾತ್ರ ಇಳಿದದ್ದು ನಿಮ್ಮ ಕೈಗುಣದ ತಪ್ಪಲ್ಲ. ಕೆಳಗಿನಿಂದ ಶುರು ಮಾಡಿದಿರಿ, ಅಷ್ಟೇ. ಮೊದಲು ಪ್ಯಾರಾಗಳು, ಆಮೇಲೆ ಪ್ಯಾರಾದೊಳಗಿನ ವಾಕ್ಯಗಳು, ಕಟ್ಟಕಡೆಗೆ ಪದಗಳು. ಈ ಕ್ರಮ ತಪ್ಪಿದರೆ, ನಾಳೆ ಇಡಿಯಾಗಿ ಹೋಗಲಿರುವ ಪ್ಯಾರಾವನ್ನು ಇವತ್ತು ಕೂತು ತಿದ್ದಿದಂತಾಗುತ್ತದೆ.

ಕತ್ತರಿ ಹಿಡಿಯುವ ಮುಂಚೆ ಎರಡು ಕೆಲಸಗಳಿವೆ. ಮಿತಿಯಲ್ಲಿ ಏನೇನು ಸೇರುತ್ತದೆ ಎಂದು ಪ್ರಬಂಧ ಕೊಟ್ಟವರನ್ನೇ ಕೇಳಿ. ಶೀರ್ಷಿಕೆ, ಉದ್ಧರಣೆ, ಅಡಿಟಿಪ್ಪಣಿ, ಆಕರಗಳ ಪಟ್ಟಿ ಇವುಗಳಲ್ಲಿ ಯಾವುದನ್ನು ಎಣಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಕೆಲವರು ಮಿತಿಗಿಂತ ತುಸು ಹೆಚ್ಚಿದ್ದರೂ ಒಪ್ಪುತ್ತಾರೆ, ಕೆಲವರು 1,201ನೇ ಪದದಿಂದ ಮುಂದಕ್ಕೆ ಓದುವುದೇ ಇಲ್ಲ. ಎರಡನೆಯದಾಗಿ, ಈಗಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಕತ್ತರಿಸಿದ್ದನ್ನೆಲ್ಲ ಹಾಕಲು ಒಂದು ಖಾಲಿ ಫೈಲ್ ತೆರೆದಿಡಿ. ಅಳಿಸುವುದಕ್ಕಿಂತ ಬೇರೆ ಕಡೆ ಸರಿಸಿಡುವಾಗ ಕೈ ಧೈರ್ಯವಾಗಿ ಓಡುತ್ತದೆ.

ಈಗ ಪ್ರತಿ ಪ್ಯಾರಾದ ಮುಂದೆ ಎರಡು ವಿಷಯ ಬರೆಯಿರಿ: ಅದರಲ್ಲಿ ಎಷ್ಟು ಪದಗಳಿವೆ, ವಾದದಲ್ಲಿ ಅದು ಮಾಡುವ ಕೆಲಸ ಏನು. ಪ್ಯಾರಾವನ್ನು ಆಯ್ಕೆ ಮಾಡಿದರೆ ವರ್ಡ್ ತಂತ್ರಾಂಶ ಅಷ್ಟರದ್ದೇ ಎಣಿಕೆಯನ್ನು ಪರದೆಯ ಕೆಳತುದಿಯ ಪಟ್ಟಿಯಲ್ಲಿ ತೋರಿಸುತ್ತದೆ. ಕೆಲಸವನ್ನು ಬರೆಯುವಾಗ "ನಿದ್ರೆಯ ಬಗ್ಗೆ" ಎಂದು ಬರೆದರೆ ಸಾಲದು, ಅದು ಬರೀ ವಿಷಯದ ಹೆಸರು. "ಮಕ್ಕಳು ಬೇಗ ಮಲಗಲಾಗದ್ದು ಶಿಸ್ತಿನ ಕೊರತೆಯಿಂದಲ್ಲ ಎಂದು ತೋರಿಸುತ್ತದೆ" ಎಂದರೆ ಕೆಲಸ. ಹೀಗೆ ಕ್ರಿಯಾಪದದಲ್ಲಿ ಮುಗಿಯುವ ಒಂದು ಸಾಲು ಎಷ್ಟು ಯೋಚಿಸಿದರೂ ಹೊಳೆಯದಿದ್ದರೆ, ಆ ಪ್ಯಾರಾ ಯಾವ ಕೆಲಸವನ್ನೂ ಮಾಡುತ್ತಿಲ್ಲ.

ನಿಮ್ಮ ಪ್ರತಿಯನ್ನು ಹೀಗೆ ಬಿಡಿಸಿದರೆ ಎಂಟು ಪ್ಯಾರಾಗಳು ಸಿಗುತ್ತವೆ. ಪೀಠಿಕೆ 210 ಪದ. ನಿದ್ರೆ ಎಂದರೇನು, ಅದರ ಹಂತಗಳು ಯಾವುವು ಎಂಬ ಹಿನ್ನೆಲೆ 190. ದೇಹದ ಗಡಿಯಾರದ ಕಾರಣ 230. ಮೊದಲ ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ ಎಂಬ ಕಾರಣ 220. ಕಲಿಕೆ ಹಿಂದೆ ಬೀಳುತ್ತದೆ ಎಂಬ ಕಾರಣ 150. ವಿರೋಧಿಗಳ ಆಕ್ಷೇಪ 200, ಅದಕ್ಕೆ ನಿಮ್ಮ ಉತ್ತರ 190. ಉಪಸಂಹಾರ 250. ಉಪಸಂಹಾರವೇ ಎಲ್ಲಕ್ಕಿಂತ ಉದ್ದ! ಇಡೀ ಪ್ರಬಂಧದಲ್ಲಿ ಹೊಸ ವಿಷಯ ಅತಿ ಕಡಿಮೆ ಇರಬೇಕಾದ ಜಾಗ ಅದು.

ಎರಡನೇ ಪ್ಯಾರಾದಿಂದ ಶುರು ಮಾಡಿ. ನಿದ್ರೆಯ ಹಂತಗಳ ವಿವರ ತಪ್ಪಲ್ಲ, ಆದರೆ ಐದನೆಯದರಲ್ಲಿ ಹೆಸರಿಗೊಮ್ಮೆ ಬಂದದ್ದು ಬಿಟ್ಟರೆ ಮುಂದಿನ ಆರು ಪ್ಯಾರಾಗಳಲ್ಲಿ ಅದನ್ನು ಎಲ್ಲಿಯೂ ಬಳಸಿಲ್ಲ. ಹಿನ್ನೆಲೆಯನ್ನು ಅಳೆಯುವ ಕೋಲು ಇದೊಂದೇ: ಮುಂದೆ ಯಾವುದಾದರೂ ವಾಕ್ಯ ಅದರ ಮೇಲೆ ನಿಂತಿದೆಯೇ? ನಿಮ್ಮಲ್ಲಿ ಒಂದೇ ಸಂಗತಿ ಹಾಗಿದೆ, ಅದು "ದೇಹದ ಗಡಿಯಾರ" ಎಂಬ ಮಾತಿನ ಅರ್ಥ. ಅದನ್ನು ಸುಮಾರು 40 ಪದಗಳಲ್ಲಿ ಮೂರನೇ ಪ್ಯಾರಾದ ಆರಂಭಕ್ಕೆ ಸರಿಸಿ, ಉಳಿದ 150 ಪದಗಳನ್ನು ಹೊರಗಿಡಿ. ನೀವು ಹಿಂದೆ ಒಂದು ಪ್ಯಾರಾ ತೆಗೆದಾಗ ವಾದ ಕುಂಟಿದ್ದು ಬಹುಶಃ ಇದೇ ಕಾರಣಕ್ಕೆ. ಪ್ಯಾರಾ ಹೋದದ್ದು ತಪ್ಪಾಗಿರಲಿಲ್ಲ, ಅದರೊಳಗಿದ್ದ ಒಂದು ಆಧಾರವಾಕ್ಯವೂ ಜೊತೆಗೇ ಹೋಗಿತ್ತು.

ಆಮೇಲೆ ನಾಲ್ಕು ಮತ್ತು ಐದು. ಗಮನ ನಿಲ್ಲದಿರುವುದು, ಕಲಿಕೆ ಹಿಂದೆ ಬೀಳುವುದು ಎಂದು ಎರಡು ಕಾರಣಗಳಾಗಿ ಬರೆದಿದ್ದೀರಿ. ಇವು ನಿಜಕ್ಕೂ ಎರಡೇ? ಪರೀಕ್ಷಿಸಲು ಒಂದು ದಾರಿಯಿದೆ. ನಾಲ್ಕನೆಯದು ಸುಳ್ಳೆಂದು ಯಾರೋ ಸಾಧಿಸಿದರು ಎಂದುಕೊಳ್ಳಿ, ಆಗ ಐದನೆಯದು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ನಿಮ್ಮದು ನಿಲ್ಲುವುದಿಲ್ಲ, ಏಕೆಂದರೆ ಗಮನವಿಲ್ಲದ್ದರಿಂದಲೇ ಕಲಿಕೆ ಹಿಂದೆ ಬೀಳುತ್ತದೆ ಎಂದು ನೀವೇ ಬರೆದಿದ್ದೀರಿ. ಒಂದು ಬಿದ್ದರೆ ಇನ್ನೊಂದೂ ಬೀಳುವುದಾದರೆ ಅದು ಒಂದೇ ಕಾರಣದ ಎರಡು ಮೆಟ್ಟಿಲು. ಕೂಡಿಸಿ ಒಂದೇ ಪ್ಯಾರಾ ಮಾಡಿ. ತೂಕಡಿಕೆ, ತಪ್ಪಾಗಿ ಬರೆದುಕೊಂಡ ನೋಟ್ಸ್, ಸುಲಭದ ಲೆಕ್ಕದಲ್ಲೂ ತಪ್ಪು ಎಂದು ಮೂರು ಉದಾಹರಣೆ ಕೊಟ್ಟಿದ್ದೀರಲ್ಲ, ಕೊನೆಯದನ್ನು ಮಾತ್ರ ಉಳಿಸಿ. ತೂಕಡಿಕೆಗೆ ಬೇಸರದ ಪಾಠವೂ ಕಾರಣವಾಗಿರಬಹುದು ಎಂದು ಯಾರಾದರೂ ತಳ್ಳಿಹಾಕಬಹುದು. ಅದೇ ವಿದ್ಯಾರ್ಥಿ ಮಧ್ಯಾಹ್ನ ಸರಿಯಾಗಿ ಮಾಡುವ ಲೆಕ್ಕವನ್ನು ಬೆಳಿಗ್ಗೆ ತಪ್ಪಾಗಿ ಮಾಡುತ್ತಾನೆ ಎಂಬುದನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. 370 ಪದಗಳಿದ್ದ ಜಾಗ 290ಕ್ಕೆ ಇಳಿಯುತ್ತದೆ, 80 ಪದ ಉಳಿಯಿತು.

ಪೀಠಿಕೆಯಲ್ಲಿ ನಿಮ್ಮ ನಿಲುವು ಕಾಣಿಸುವುದು ಆರನೇ ವಾಕ್ಯದಲ್ಲಿ. "ಮಾನವನ ಜೀವನದಲ್ಲಿ ನಿದ್ರೆಯು ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತದೆ" ಎಂದು ಶುರುವಾಗುವ ಮೊದಲ ಮೂರು ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ನಾಲ್ಕನೆಯದರಿಂದ ಓದಿ ನೋಡಿ. ಏನೂ ಕಳೆದುಹೋಗಿಲ್ಲ, ಅಲ್ಲವೇ? ಬರೆಯಲು ಕೂತಾಗ ಕೈ ಬಿಸಿಯಾಗಲು ಬರೆದ ವಾಕ್ಯಗಳು ಅವು. 65 ಪದ. ಉಪಸಂಹಾರದಲ್ಲಿ ಹಿಂದಿನ ಪ್ರತಿ ಪ್ಯಾರಾಕ್ಕೂ ಒಂದೊಂದು ವಾಕ್ಯ ಮತ್ತೆ ಹೇಳಿದ್ದೀರಿ, ಜೊತೆಗೆ ಹೋಮ್‌ವರ್ಕ್ ಕೂಡ ಕಡಿಮೆಯಾಗಬೇಕು ಎಂಬ ಹೊಸ ಬೇಡಿಕೆಯೊಂದನ್ನು ತಂದಿದ್ದೀರಿ. ಪುನರುಕ್ತಿಯೂ ಹೋಗಲಿ, ಹೊಸ ಬೇಡಿಕೆಯೂ ಹೋಗಲಿ. ಆಧಾರವಿಲ್ಲದೆ ಕೊನೆಯಲ್ಲಿ ಬರುವ ಹೊಸ ವಾದ ಅದುವರೆಗಿನ ವಾದವನ್ನೂ ಅನುಮಾನದಿಂದ ನೋಡುವಂತೆ ಮಾಡುತ್ತದೆ. ನಿಲುವು, ಅದಕ್ಕೆ ತೆರಬೇಕಾದ ಬೆಲೆಯ ಒಪ್ಪಿಗೆ, ಆ ಬೆಲೆ ಏಕೆ ಸಹ್ಯ ಎಂಬುದು, ಇಷ್ಟನ್ನು ಉಳಿಸಿಕೊಂಡರೆ 95 ಪದ ಹೋಗುತ್ತದೆ.

150, 80, 65, 95 ಕೂಡಿಸಿದರೆ 390. ಇನ್ನೂ ಒಂದೇ ಒಂದು ವಾಕ್ಯವನ್ನು ತಿದ್ದಿಲ್ಲ, ಆಗಲೇ ಬಹುಪಾಲು ಕೆಲಸ ಮುಗಿದಿದೆ.

ಇಲ್ಲಿ ನಿಂತು, ಮುಟ್ಟಬಾರದ ಜಾಗಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕತ್ತರಿಸಿದ ಪ್ರಬಂಧಗಳು ಸೊರಗುವುದು ಹೆಚ್ಚಾಗಿ ಪುರಾವೆ ಕಳೆದುಕೊಂಡು ಅಲ್ಲ. ಅಂಕಿ, ವರ್ಷ, ಸಂಸ್ಥೆಯ ಹೆಸರು ಗಟ್ಟಿಯಾಗಿ ಕಾಣುವುದರಿಂದ ವಿದ್ಯಾರ್ಥಿಗಳು ಅವನ್ನು ಬಿಡುವುದಿಲ್ಲ. ಬಿಡುವುದು ಪುರಾವೆಯಿಂದ ನಿಲುವಿಗೆ ದಾಟಿಸುವ ಸೇತುವಾಕ್ಯವನ್ನು. ಅದು ನೋಡಲು ಸಪ್ಪೆಯಾಗಿರುತ್ತದೆ, ಅದರಲ್ಲಿ ಹೊಸ ಮಾಹಿತಿಯಿರುವುದಿಲ್ಲ, "ಇದು ಗೊತ್ತಿರುವುದೇ ತಾನೆ" ಎನ್ನಿಸುತ್ತದೆ. ಬರೆದವರಿಗೆ ಗೊತ್ತು. ಓದುವವರಿಗೆ ಅದನ್ನು ಹೇಳಿದ ಮೇಲಷ್ಟೇ ಗೊತ್ತಾಗುತ್ತದೆ.

ನಿಮ್ಮ ಮೂರನೇ ಪ್ಯಾರಾವನ್ನೇ ನೋಡಿ. ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ಹರೆಯದಲ್ಲಿ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ ಎಂದು ಬರೆದಿದ್ದೀರಿ. ಹದಿಹರೆಯದವರ ಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2014ರಲ್ಲಿ ಶಿಫಾರಸು ಮಾಡಿದ್ದನ್ನೂ ಹೇಳಿದ್ದೀರಿ. ಎರಡೂ ಒಳ್ಳೆಯ ಪುರಾವೆಗಳು. ಇವೆರಡರ ನಡುವೆ ನಿಮ್ಮ ಒಂದು ವಾಕ್ಯವಿದೆ: "ಆದ್ದರಿಂದ ಬೇಗ ಮಲಗು ಎಂದು ಹೇಳುವುದರಿಂದ ಈ ಕೊರತೆ ತುಂಬುವುದಿಲ್ಲ, ಏಳುವ ಹೊತ್ತೇ ಬದಲಾಗಬೇಕು." ಎರಡನೇ ಸಂಜೆ ನೀವು ಕಿತ್ತ ಪದಗಳಲ್ಲಿ ಈ ಹನ್ನೊಂದೂ ಸೇರಿದ್ದವು ಎಂದು ತಿದ್ದುಪಡಿಯ ಗುರುತುಗಳಿಂದ ಕಾಣುತ್ತದೆ. ಇದು ಹೋದರೆ ಓದುಗರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, "ಹಾಗಾದರೆ ಮೊಬೈಲ್ ಕೆಳಗಿಟ್ಟು ಬೇಗ ಮಲಗಲಿ" ಎಂಬುದು, ಉತ್ತರವಿಲ್ಲದೆ ಉಳಿಯುತ್ತದೆ. ಹಾರ್ಮೋನಿನ ಮಾತು ಒಂದು ಕಡೆ, ಶಿಫಾರಸು ಇನ್ನೊಂದು ಕಡೆ, ನಡುವೆ ಹಳ್ಳ. ಈ ಪ್ಯಾರಾದಲ್ಲಿ ಕತ್ತರಿಸಲೇಬೇಕೆಂದಿದ್ದರೆ ಶಿಫಾರಸಿನ ನಂತರ ಬರುವ ಹೊಗಳಿಕೆಯ ಮಾತನ್ನು ಕತ್ತರಿಸಿ, ಈ ವಾಕ್ಯವನ್ನಲ್ಲ.

ಸೇತುವಾಕ್ಯವನ್ನು ಗುರುತಿಸಲು ಪ್ಯಾರಾದ ಪ್ರತಿ ವಾಕ್ಯದ ನಂತರ "ಆದರೇನಂತೆ?" ಎಂದು ಕೇಳಿಕೊಳ್ಳಿ. ಆ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ವಾಕ್ಯವೇ ಸೇತುವೆ. ಅದರ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿಬಿಡಿ, ಮುಂದೆ ಎಷ್ಟೇ ಅವಸರವಿದ್ದರೂ ಅದನ್ನು ಮುಟ್ಟುವುದಿಲ್ಲ.

ಎರಡನೇ ಅಪಾಯದ ಜಾಗ ಎದುರಾಳಿಯ ಆಕ್ಷೇಪ. ಪದ ಉಳಿಸಲು ಹೊರಟವರಿಗೆ "ನನ್ನ ವಿರುದ್ಧದ ಮಾತಿಗೆ ನಾನೇಕೆ ಜಾಗ ಕೊಡಲಿ" ಎನ್ನಿಸುವುದು ಸಹಜ. ಆದರೆ ಆಕ್ಷೇಪವನ್ನು ಬಡಕಲು ಮಾಡಿದರೆ ಅದಕ್ಕೆ ಕೊಟ್ಟ ಉತ್ತರವೂ ಬಡಕಲಾಗುತ್ತದೆ, ಗಾಳಿಗೆ ಗುದ್ದಿದ ಹಾಗೆ. ನಿಮ್ಮ ಆರನೇ ಪ್ಯಾರಾದಲ್ಲಿ ನಾಲ್ಕು ಆಕ್ಷೇಪಗಳಿವೆ: ತಂದೆತಾಯಿಯರ ಕೆಲಸದ ಹೊತ್ತು, ಒಂದೇ ಬಸ್ಸು ಎರಡು ಶಾಲೆಗೆ ಓಡುವುದು, ಸಂಜೆಯ ಆಟ, ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವುದು. ಏಳನೇ ಪ್ಯಾರಾ ಉತ್ತರಿಸುವುದು ಮೊದಲನೆಯದಕ್ಕೆ ಮತ್ತು ಮೂರನೆಯದಕ್ಕೆ ಮಾತ್ರ. ಬಸ್ಸಿನ ಆಕ್ಷೇಪ ನಾಲ್ಕರಲ್ಲೂ ಗಟ್ಟಿಯಾದದ್ದು, ಅದನ್ನು ಎತ್ತಿ ಹಾಗೆಯೇ ಬಿಟ್ಟಿದ್ದೀರಿ. ಉತ್ತರಿಸದ ಆಕ್ಷೇಪ ಎದುರಾಳಿಗೆ ಕೊಟ್ಟ ಉಡುಗೊರೆ.

ಹಾಗಾಗಿ ಇಲ್ಲಿ ಕತ್ತರಿಸುವುದಕ್ಕಿಂತ ಹಂಚಿಕೆ ಬದಲಿಸಬೇಕು. ಆಟ ಮತ್ತು ತಮ್ಮತಂಗಿಯರ ಮಾತು ಹೋಗಲಿ. ಕೆಲಸದ ಹೊತ್ತು ಮತ್ತು ಬಸ್ಸು ಎರಡನ್ನೇ ಉಳಿಸಿ, ಎದುರಾಳಿ ಓದಿದರೆ "ಹೌದು, ನಾನು ಹೇಳುವುದು ಇದನ್ನೇ" ಎನ್ನುವಷ್ಟು ನ್ಯಾಯವಾಗಿ ಬಿಡಿಸಿ ಹೇಳಿ. ಪ್ಯಾರಾ 200ರಿಂದ 190ಕ್ಕಷ್ಟೇ ಇಳಿಯುತ್ತದೆ, ಇಳಿಯಲಿ. ಏಳನೆಯದನ್ನು 190ರಿಂದ 210ಕ್ಕೆ ಏರಿಸಿ, ಆಟದ ಉತ್ತರ ತೆಗೆದ ಜಾಗವನ್ನೂ ಹೊಸ 20 ಪದವನ್ನೂ ಬಸ್ಸಿಗೆ ಕೊಡಿ. ಸಣ್ಣ ಮಕ್ಕಳ ಸರದಿಯನ್ನು ಮೊದಲು ಮಾಡಿ ದೊಡ್ಡವರದನ್ನು ಆಮೇಲೆ ಮಾಡಿದರೆ ಅದೇ ಬಸ್ಸು ಸಾಕಾಗುತ್ತದೆ ಎಂಬುದು ನಿಮ್ಮ ಉಪಸಂಹಾರದಲ್ಲಿ ಎಲ್ಲೋ ಅಡಗಿ ಕೂತಿದೆ. ಅದು ಇರಬೇಕಾದ ಜಾಗ ಇದು. ಮಿತಿಗೆ ಇಳಿಸುವಾಗಲೂ ಒಂದು ಪ್ಯಾರಾ ಬೆಳೆಯಬಹುದು. ಎಲ್ಲ ಪ್ಯಾರಾಗಳಿಂದಲೂ ಸಮನಾಗಿ ಶೇಕಡಾ ಇಷ್ಟೆಂದು ಕತ್ತರಿಸಿದರೆ ಬಲವಾದದ್ದೂ ಸೊರಗುತ್ತದೆ, ಬೊಜ್ಜಿದ್ದದ್ದು ಬೊಜ್ಜಾಗಿಯೇ ಉಳಿಯುತ್ತದೆ.

ಈಗ ಲೆಕ್ಕ: 390 ಹೋಗಿದೆ, ಆರನೆಯದರಲ್ಲಿ 10 ಇಳಿದು ಏಳನೆಯದರಲ್ಲಿ 20 ಏರಿದೆ. ಉಳಿದದ್ದು 60. ಪೀಠಿಕೆಯಿಂದ 25, ಮೂರನೆಯದರಿಂದ 20, ಉಪಸಂಹಾರದಿಂದ 15 ತೆಗೆದರೆ 1,200 ಸರಿಯಾಗಿ ಕೂಡುತ್ತದೆ. ಪದಗಳನ್ನು ಕೀಳುವ ಹೊತ್ತು ಈಗ ಬಂತು.

ಹುಡುಕಬೇಕಾದದ್ದು ಕೆಲವೇ ಬಗೆ. ಒಂದು, ವಾಕ್ಯದ ಬಾಲದಲ್ಲಿ ನೇತಾಡುವ "ಎಂಬುದನ್ನು ನಾವು ಇಲ್ಲಿ ಗಮನಿಸಬಹುದಾಗಿದೆ", "ಎಂದು ಹೇಳಿದರೆ ತಪ್ಪಾಗಲಾರದು" ಥರದ ಮಾತುಗಳು. ಇವು ಹೋದರೆ ಯಾರೂ ಹುಡುಕುವುದಿಲ್ಲ. ಎರಡು, ಒಂದು ಕ್ರಿಯಾಪದದ ಕೆಲಸವನ್ನು ನಾಮಪದ ಮತ್ತು ಇನ್ನೊಂದು ಕ್ರಿಯಾಪದಕ್ಕೆ ಹಂಚಿದ್ದು: "ಪರಿಶೀಲನೆಯನ್ನು ನಡೆಸಿದರು" ಎಂಬುದು "ಪರಿಶೀಲಿಸಿದರು" ಆಗುತ್ತದೆ, "ತೀರ್ಮಾನವನ್ನು ಕೈಗೊಂಡರು" ಎಂಬುದು "ತೀರ್ಮಾನಿಸಿದರು". ಮೂರು, ಉದ್ದನೆಯ ಕೊಂಡಿಗಳು. "ಮೇಲೆ ತಿಳಿಸಿದ ಎಲ್ಲಾ ಅಂಶಗಳನ್ನು ಗಮನದಲ್ಲಿಟ್ಟುಕೊಂಡು ನೋಡಿದಾಗ" ಎಂಬ ಆರು ಪದಗಳ ಕೆಲಸವನ್ನು "ಹೀಗಾಗಿ" ಒಂದೇ ಮಾಡುತ್ತದೆ. ಆ ಒಂದನ್ನೂ ಕಿತ್ತುಹಾಕಬೇಡಿ. "ಆದರೆ", "ಹೀಗಾಗಿ", "ಆದರೂ" ಇವು ವಾದದ ಕೀಲುಗಳು, ಒಂದೊಂದು ಪದದ ಬೆಲೆಗೆ ಅಗ್ಗ. ಇನ್ನು "ಅಭಿವೃದ್ಧಿ ಮತ್ತು ಪ್ರಗತಿ" ಥರದ ಜೋಡಿಗಳಲ್ಲಿ ಒಂದು ಸಾಕು ಎಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ.

ನಿಮ್ಮದೇ ಒಂದು ವಾಕ್ಯವನ್ನು ತಿದ್ದಿ ನೋಡೋಣ, ಇದರಲ್ಲಿ ಒಂದು ಗುಂಡಿಯೂ ಇದೆ.

"ಪ್ರಸ್ತುತ ದಿನಗಳಲ್ಲಿ ಹದಿಹರೆಯದ ವಿದ್ಯಾರ್ಥಿಗಳು ರಾತ್ರಿ ವೇಳೆಯಲ್ಲಿ ಸಾಕಷ್ಟು ನಿದ್ರೆಯನ್ನು ಮಾಡದೇ ಇರುವ ಕಾರಣದಿಂದಾಗಿ, ಬೆಳಗಿನ ಸಮಯದಲ್ಲಿ ನಡೆಯುವ ಮೊದಲ ತರಗತಿಯಲ್ಲಿ ಪಾಠದ ಕಡೆಗೆ ಗಮನವನ್ನು ಕೊಡಲು ಸಾಧ್ಯವಾಗುವುದಿಲ್ಲ ಎಂಬುದನ್ನು ನಾವು ಇಲ್ಲಿ ಗಮನಿಸಬಹುದಾಗಿದೆ."

ಇದು 25 ಪದ. ಬೇಗನೆ ಇಳಿಸಿದರೆ ಹೀಗಾಗುತ್ತದೆ: "ರಾತ್ರಿ ಸಾಕಷ್ಟು ನಿದ್ರಿಸದ ಹದಿಹರೆಯದ ವಿದ್ಯಾರ್ಥಿಗಳು ಬೆಳಗಿನ ಮೊದಲ ತರಗತಿಯಲ್ಲಿ ಪಾಠಕ್ಕೆ ಗಮನ ಕೊಡಲಾರರು." ಹನ್ನೊಂದೇ ಪದ, ಓದಲು ಚೆಂದ. ಆದರೆ ಅರ್ಥ ಸರಿದುಹೋಯಿತು. ಮೂಲದಲ್ಲಿ ನೀವು ಎರಡು ಮಾತು ಹೇಳಿದ್ದಿರಿ: ಈ ವಯಸ್ಸಿನವರಿಗೆ ನಿದ್ದೆ ಸಾಲುತ್ತಿಲ್ಲ, ಅದರಿಂದ ಗಮನ ನಿಲ್ಲುತ್ತಿಲ್ಲ. ಹೊಸ ವಾಕ್ಯದಲ್ಲಿ "ನಿದ್ರಿಸದ" ಎಂಬುದು ವಿಶೇಷಣವಾಗಿ ಕೂತು, ನಿದ್ದೆಗೆಟ್ಟವರನ್ನು ಮಾತ್ರ ಆರಿಸಿ ತೆಗೆಯುತ್ತಿದೆ. ನಿದ್ದೆಗೆಡದವರೂ ಇದ್ದಾರೆ, ಅವರಿಗೆ ಈ ಸಮಸ್ಯೆಯಿಲ್ಲ ಎಂಬ ಧ್ವನಿ ಬಂತು. ಅಂದಮೇಲೆ ಎಲ್ಲರ ಶಾಲೆಯ ಹೊತ್ತನ್ನು ಏಕೆ ಬದಲಿಸಬೇಕು? ವಾದದ ಬುಡವೇ ಅಲ್ಲಾಡಿತು. ಒಂದು ಪದ ಹಿಂದಕ್ಕೆ ಕೊಟ್ಟರೆ ಸರಿಹೋಗುತ್ತದೆ: "ಹದಿಹರೆಯದ ವಿದ್ಯಾರ್ಥಿಗಳು ರಾತ್ರಿ ಸಾಕಷ್ಟು ನಿದ್ರಿಸದ ಕಾರಣ ಬೆಳಗಿನ ಮೊದಲ ತರಗತಿಯಲ್ಲಿ ಪಾಠಕ್ಕೆ ಗಮನ ಕೊಡಲಾರರು." ಹನ್ನೆರಡು.

ಇನ್ನೂ ಒಂದು ಪದ ಖರ್ಚು ಮಾಡಿ "ಹದಿಹರೆಯದ ಹಲವು ವಿದ್ಯಾರ್ಥಿಗಳು" ಎಂದರೆ ಇನ್ನೂ ಒಳ್ಳೆಯದು. "ಹಲವು", "ಸಾಮಾನ್ಯವಾಗಿ", "ಬಹುತೇಕ" ಎಂಬ ಪದಗಳನ್ನು ಬೊಜ್ಜೆಂದು ತಿಳಿದು ಸಾರಾಸಗಟಾಗಿ ಕಿತ್ತುಹಾಕುವವರಿದ್ದಾರೆ. ಆ ಪದಗಳು ನಿಮ್ಮ ಮಾತು ಎಷ್ಟು ದೂರ ನಿಜ ಎಂಬುದರ ಗಡಿಗಲ್ಲುಗಳು. ಗಡಿಗಲ್ಲು ಕಿತ್ತರೆ ಎಲ್ಲ ವಿದ್ಯಾರ್ಥಿಗಳ ಪರವಾಗಿಯೂ ಮಾತಾಡಿದಂತಾಗಿ, ಬೆಳಿಗ್ಗೆ ಐದಕ್ಕೆದ್ದು ಓದುವ ಒಬ್ಬ ಹುಡುಗಿಯ ಉದಾಹರಣೆಯಿಂದ ನಿಮ್ಮ ವಾಕ್ಯ ಬೀಳುತ್ತದೆ. "ಒಂದು ರೀತಿಯಲ್ಲಿ ನೋಡಿದರೆ", "ಹೇಳಬಹುದೇನೋ" ಎಂಬವು ಹಾಗಲ್ಲ. ಅವು ಗಡಿ ತೋರಿಸುವುದಿಲ್ಲ, ಬರೆದವರ ಹಿಂಜರಿಕೆಯನ್ನಷ್ಟೇ ತೋರಿಸುತ್ತವೆ.

ಎಣಿಕೆಯನ್ನು ಮೋಸಗೊಳಿಸುವ ಒಂದು ಉಪಾಯ ಕನ್ನಡದಲ್ಲಿ ಬಹಳ ಸುಲಭವಾದ್ದರಿಂದ ಹೇಳಿಬಿಡುತ್ತೇನೆ. ತಂತ್ರಾಂಶ ಪದಗಳನ್ನು ಬೇರ್ಪಡಿಸುವುದು ನಡುವಿನ ಖಾಲಿ ಜಾಗದಿಂದ. ಹಾಗಾಗಿ "ಮಾಡಬೇಕಾಗುತ್ತದೆಯೆಂಬುದರಿಂದಾಗಿ" ಎಂದು ಸಂಧಿ ಮಾಡಿ ರೈಲು ಜೋಡಿಸಿದರೆ ಒಂದೇ ಪದವೆಂದು ಲೆಕ್ಕವಾಗುತ್ತದೆ. "ಶಾಲಾರಂಭಸಮಯಬದಲಾವಣೆ" ಎಂಬ ಸಮಾಸವೂ ಹಾಗೆಯೇ. ಓದುವವರು ಇದನ್ನು ಎರಡನೇ ಸಾಲಿನಲ್ಲೇ ಪತ್ತೆ ಹಚ್ಚುತ್ತಾರೆ, ಮೇಲಾಗಿ ಉಸಿರು ಕಟ್ಟುತ್ತದೆ. ಸಹಜವಾಗಿ ಕೂಡುವುದು ಕೂಡಲಿ. "ಗಮನ ಮತ್ತು ನೆನಪು" ಬದಲು "ಗಮನವೂ ನೆನಪೂ" ಎಂದು ಬರೆಯುವುದು ಮೋಸವಲ್ಲ, ಅದು ಕನ್ನಡದ ಜಾಯಮಾನ.

ಎಲ್ಲ ಮುಗಿದ ಮೇಲೆ ಹೊಲಿಗೆ ನೋಡಬೇಕು. ಕತ್ತರಿಸಿದ ಪ್ರಬಂಧದಲ್ಲಿ ಮೊದಲು ಬಿಟ್ಟುಕೊಳ್ಳುವುದು ಸರ್ವನಾಮಗಳು. "ಇದು", "ಈ ಕಾರಣಕ್ಕೆ", "ಮೇಲೆ ಹೇಳಿದಂತೆ" ಎಂಬುವನ್ನು ಹುಡುಕು ಸೌಲಭ್ಯದಿಂದ ಒಂದೊಂದಾಗಿ ತೆರೆದು, ಅವು ತೋರಿಸುವ ವಸ್ತು ಇನ್ನೂ ಪುಟದಲ್ಲಿದೆಯೇ ನೋಡಿ. ನಿಮ್ಮ ಹಳೆಯ ಐದನೇ ಪ್ಯಾರಾದಲ್ಲಿ "ನಿದ್ರೆಯ ಈ ಹಂತ" ಎಂಬ ಮಾತಿದೆ. ಎರಡನೇ ಪ್ಯಾರಾ ಹೋದ ಮೇಲೆ ಆ "ಈ" ಯಾವುದನ್ನೂ ತೋರಿಸುವುದಿಲ್ಲ. "ಮೂರು ಕಾರಣಗಳಿವೆ" ಎಂದು ಪೀಠಿಕೆಯಲ್ಲಿ ಬರೆದದ್ದೂ ಈಗ ಎರಡಾಗಬೇಕು.

ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಸಾಲಾಗಿ ಗಟ್ಟಿಯಾಗಿ ಓದಿ. ಆರೂ ವಾಕ್ಯಗಳು ಒಂದರ ಹಿಂದೆ ಒಂದು ನಡೆದರೆ ಸರಿ, ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಒಂದು ಕೊಂಡಿ ಬಿದ್ದುಹೋಗಿದೆ. ಹಳೆಯ ಪ್ರತಿಯನ್ನು ಓದಿರದ ಒಬ್ಬರಿಗೆ ಹೊಸದನ್ನು ಕೊಟ್ಟು, ನಿಮ್ಮ ನಿಲುವನ್ನೂ ಅದಕ್ಕೆ ಕೊಟ್ಟ ಎರಡು ಕಾರಣಗಳನ್ನೂ ನೋಡದೆ ಹೇಳಲು ಕೇಳಿ. ಹಳೆಯ ಪ್ರತಿ ಓದಿದವರು ಈ ಕೆಲಸಕ್ಕೆ ಬರುವುದಿಲ್ಲ, ಅವರು ಬಿಟ್ಟುಹೋದದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತಾರೆ. ನೀವೂ ಅಷ್ಟೇ, ಆದ್ದರಿಂದ ನಿಮ್ಮ ಕೊನೆಯ ಓದು ಮರುದಿನಕ್ಕಿರಲಿ.

ಎಣಿಕೆ 1,170ಕ್ಕೆ ಇಳಿದುಬಿಟ್ಟರೆ ಪೀಠಿಕೆಯ ಹಳೆಯ ವಾಕ್ಯಗಳನ್ನು ವಾಪಸ್ ಕರೆಯಬೇಡಿ. ಆ 30 ಪದಗಳನ್ನು ಏಳನೇ ಪ್ಯಾರಾದಲ್ಲಿ ತಂದೆತಾಯಿಯರ ಕೆಲಸದ ಹೊತ್ತಿನ ಉತ್ತರಕ್ಕೆ ಕೊಡಿ, ಅಲ್ಲಿ "ಹೊಂದಾಣಿಕೆ ಮಾಡಿಕೊಳ್ಳಬಹುದು" ಎಂದಷ್ಟೇ ಇದೆ, ಹೇಗೆ ಎಂಬುದಿಲ್ಲ.